ಒಂದು ಮೊಟ್ಟೆಗೆ ಎಷ್ಟು ಹಾಲು, ಎಷ್ಟು ಹೊತ್ತಿನ ನೆನೆಸು?

ನಾನು ಮಾಡುವ ಫ್ರೆಂಚ್ ಟೋಸ್ಟ್ ಹೊರಗೆ ಕೆಂಪಗೆ ಬೆಂದರೂ ನಡುವೆ ಹಸಿಹಸಿಯಾಗಿ ಉಳಿಯುತ್ತಿತ್ತು. ಆದ್ದರಿಂದ ಒಂದು ಭಾನುವಾರ, ಹಿಂದಿನ ದಿನ ಬೇಕರಿಯಿಂದ ತಂದ ಬ್ರೆಡ್ಡಿನ ಒಂದೂವರೆ ಸೆಂಟಿಮೀಟರ್ ದಪ್ಪದ ಹೋಳುಗಳನ್ನು ಮೂರು ಬಗೆಯ ಮಿಶ್ರಣಗಳಲ್ಲಿ ಅದ್ದಿ, ಒಂದೇ ಕಾವಲಿಯ ಮೇಲೆ ಒಂದೇ ಉರಿಯಲ್ಲಿ ಬೇಯಿಸಿ ನೋಡಿದೆ.

ಮೊದಲನೆಯದು ಒಂದು ಮೊಟ್ಟೆಗೆ 120 ಮಿ.ಲೀ. ಹಾಲು. ಪ್ರತಿ ಮಗ್ಗುಲಿಗೆ 20 ಸೆಕೆಂಡಿನಂತೆ ನೆನೆಸಿದ ಹೋಳನ್ನು ತಟ್ಟೆಯಿಂದ ಎತ್ತುವಾಗಲೇ ಅದು ನಡುವೆ ಜೋತುಬಿತ್ತು. ಎರಡೂ ಕಡೆ ಮೂರು ಮೂರು ನಿಮಿಷ ಬೇಯಿಸಿ ಕತ್ತರಿಸಿದಾಗ ನಡುವಿನಲ್ಲಿ ಹೊಳೆಯುವ ಒದ್ದೆ ಪಟ್ಟಿಯೊಂದು ಕಾಣಿಸಿತು. ಬ್ರೆಡ್ಡಿನೊಳಗೆ ಹೋದ ದ್ರವವನ್ನು ಗಟ್ಟಿಯಾಗಿ ಹಿಡಿದಿಡುವುದು ಮೊಟ್ಟೆಯ ಪ್ರೋಟೀನು. ಹಾಲು ಹೆಚ್ಚಿದಷ್ಟೂ ಅದು ತೆಳುವಾಗಿ, ಗಟ್ಟಿಯಾಗಲು ಹೆಚ್ಚಿನ ಬಿಸಿ ಬೇಕಾಗುತ್ತದೆ, ಆ ಬಿಸಿ ನಡುವಿಗೆ ತಲುಪುವಷ್ಟರಲ್ಲಿ ಹೊರಮೈ ಸೀದಿರುತ್ತದೆ.

ಎರಡನೆಯದು ಒಂದು ಮೊಟ್ಟೆಗೆ 30 ಮಿ.ಲೀ. ಹಾಲು. ಒಳಗೆ ಹಸಿ ಉಳಿಯಲಿಲ್ಲವಾದರೂ ಮಂದವಾದ ಮಿಶ್ರಣ ಒಳಕ್ಕೆ ಇಳಿಯದೆ ಮೇಲೆಯೇ ಪದರವಾಗಿ ನಿಂತಿತು. ಅದು ಬ್ರೆಡ್ಡಿಗೆ ಆಮ್ಲೆಟ್ ಹೊದಿಸಿದಂತಿತ್ತು. ಖಾರ ಹಾಕಿ ಮಾಡುವವರಿಗೆ ಇದೇ ಹಿಡಿಸೀತು, ನನಗೆ ಹಿಡಿಸಲಿಲ್ಲ.

ಮೂರನೆಯದು, ಒಂದು ಮೊಟ್ಟೆಗೆ 60 ಮಿ.ಲೀ., ಅಂದರೆ ನಾಲ್ಕು ದೊಡ್ಡ ಚಮಚ ಹಾಲು. ಇದೇ ನನಗೆ ಒಪ್ಪಿಗೆಯಾದ ಅಳತೆ, ಮತ್ತು ಎರಡು ಹೋಳುಗಳಿಗೆ ಸಾಕಾಗುತ್ತದೆ. ಆದರೆ ಇದರಲ್ಲೂ ಸಮಯ ತಪ್ಪಿದರೆ ಕೆಲಸ ಕೆಡುತ್ತದೆ: ಐದು ಸೆಕೆಂಡಿಗೇ ಎತ್ತಿದ ಹೋಳಿನ ನಡುವೆ ಒಣ ಬಿಳಿ ಬ್ರೆಡ್ ಉಳಿಯಿತು, ಮಗ್ಗುಲಿಗೆ ಒಂದು ನಿಮಿಷ ಬಿಟ್ಟದ್ದು ಕಾವಲಿಗೆ ಹೋಗುವ ಮೊದಲೇ ಹರಿಯಿತು, 20 ಸೆಕೆಂಡಿನದ್ದು ಒಳಗೆಲ್ಲ ಮೆತ್ತಗೆ, ಸಮವಾಗಿ ಬೆಂದಿತು.

ಬ್ರೆಡ್ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ ರಾತ್ರಿಯಿಡೀ ತೆರೆದಿಟ್ಟು ಒಣಗಿಸಿದ ಹೋಳು, ಅದೇ ಮಿಶ್ರಣದಲ್ಲಿ ಮಗ್ಗುಲಿಗೆ ಒಂದೂವರೆ ನಿಮಿಷ ನೆನೆದರೂ ಗಟ್ಟಿಯಾಗಿಯೇ ಇತ್ತು. ಅದನ್ನು ಸಣ್ಣ ಉರಿಯಲ್ಲಿ ಪ್ರತಿ ಕಡೆ ಐದು ನಿಮಿಷ ಬೇಯಿಸಬೇಕಾಯಿತು. ಅದೇ ದಿನದ ಮೆತ್ತನೆಯ ಬ್ರೆಡ್ ಮಾತ್ರವೇ ಇದ್ದರೆ, ಬಣ್ಣ ಬಾರದಂತೆ ಒಣ ಕಾವಲಿಯ ಮೇಲೆ ಎರಡೂ ಕಡೆ ಬಿಸಿ ಮಾಡಿ, ಆರಿಸಿ, ಆಮೇಲೆ ಅದ್ದುವುದು ಲೇಸು.

ಮಿಶ್ರಣಕ್ಕೆ ಸಕ್ಕರೆಯನ್ನು ಒಂದು ಚಿಕ್ಕ ಚಮಚಕ್ಕಿಂತ ಹೆಚ್ಚು ಹಾಕಬಾರದು. ಸಕ್ಕರೆ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದುಬಣ್ಣ ಬಂದು, ಬೆಂದಿದೆಯೆಂದು ನಾವು ಮೋಸಹೋಗುತ್ತೇವೆ. ಬಣ್ಣ ನೋಡುವುದಕ್ಕಿಂತ ಸಟ್ಟುಗದ ತುದಿಯಿಂದ ಹೋಳಿನ ನಡುವೆ ಮೆಲ್ಲಗೆ ಒತ್ತಿ ನೋಡುವುದು ಒಳ್ಳೆಯದು: ಬೆಂದಿದ್ದರೆ ಒತ್ತಿದ ಜಾಗ ಮತ್ತೆ ಮೇಲೇಳುತ್ತದೆ, ಬೆಂದಿಲ್ಲದಿದ್ದರೆ ಕುಳಿ ಹಾಗೆಯೇ ಉಳಿದು ಅಂಚಿನಿಂದ ಹಾಲು ಜಿನುಗುತ್ತದೆ. ಜಿನುಗಿದರೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ಇನ್ನೊಂದು ನಿಮಿಷ ಬಿಡಬೇಕು.