ಟ್ಯಾಬ್‌ನಲ್ಲಿ ಬಂದ ಕೂದಲು ನೋಡಿ ಅಡ್ವಾನ್ಸ್ ಕೊಟ್ಟುಬಿಟ್ಟೆ

ತಂಗಿ ಮದುವೆಗೆ ಮೂರು ವಾರ ಇತ್ತು. ನನಗೆ 34 ವರ್ಷ, ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ. ಮೈಸೂರಿನ ಒಂದು ಸಲೂನ್‌ಗೆ ಹೋದೆ. ಅಲ್ಲಿಯ ಹುಡುಗ ಟ್ಯಾಬ್‌ನಲ್ಲಿ ನನ್ನ ಫೋಟೋ ತೆಗೆದು ಯಾವುದೋ ಎಐ ಆ್ಯಪ್‌ಗೆ ಹಾಕಿದ. ಅರ್ಧ ನಿಮಿಷಕ್ಕೆ ಕಾಲೇಜು ದಿನಗಳ ನಾನು ಎದುರಿಗೆ ಬಂದೆ. "ಪ್ಯಾಚ್ ಹಾಕಿದ್ರೆ ಹಿಂಗೇ ಕಾಣ್ತೀರಾ ಸಾರ್" ಅಂದ. ಅಲ್ಲೇ 8,000 ರೂಪಾಯಿ ಕೊಟ್ಟೆ.

ಪ್ಯಾಚ್ ಅಂದರೆ ತೆಳು ಪದರದ ಮೇಲೆ ಕೂದಲು ಹೆಣೆದ ತುಂಡು, ಟೇಪ್ ಹಾಕಿ ತಲೆಗೆ ಅಂಟಿಸುತ್ತಾರೆ. ಅಂಟಿಸುವ ಮೊದಲು ಆ ಜಾಗದ ಕೂದಲನ್ನು ಬೋಳಿಸಿದರು. ಇಷ್ಟವಾಗದಿದ್ದರೆ ತೆಗೆದುಬಿಡೋಣ ಅಂದುಕೊಂಡಿದ್ದೆ. ತೆಗೆದರೆ ಕೆಳಗೆ ಏನೂ ಇಲ್ಲ!

ಫೋಟೋದಲ್ಲಿ ಇದ್ದಷ್ಟೇ ಕೆಳಗೆ ಅಂಚು ಬರಬೇಕು ಅಂತ ಹಟ ಹಿಡಿದವನು ನಾನೇ. ಬೇಡ ಅಂತ ಹೇಳಬೇಕಿದ್ದವರು ಹೇಳಲಿಲ್ಲ. ಹುಬ್ಬು ಮೇಲೆತ್ತಿದರೆ ಹಣೆಯಲ್ಲಿ ಗೆರೆ ಬೀಳುತ್ತವಲ್ಲ, ಅಷ್ಟು ಭಾಗದ ಚರ್ಮ ಸ್ನಾಯುವಿನ ಜೊತೆ ಆಡುತ್ತಲೇ ಇರುತ್ತದೆ. ವಯಸ್ಕ ಗಂಡಸರ ಕೂದಲಿನ ಅಂಚು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ಗೆರೆಯಿಂದ ಸುಮಾರು ಒಂದು ಬೆರಳು ಮೇಲೆ ಇರುತ್ತದೆ. ನನ್ನ ಪ್ಯಾಚ್ ಆ ಗೆರೆಗಿಂತ ಕೆಳಗೆ ಕೂತಿತ್ತು. ಹುಬ್ಬು ಏರಿಸಿದಾಗಲೆಲ್ಲ ಚರ್ಮ ಮಡಿಚಿಕೊಂಡು ಟೇಪನ್ನು ಎಳೆಯುತ್ತಿತ್ತು. ನಾಲ್ಕನೇ ದಿನಕ್ಕೆ ಅಂಚು ಎದ್ದಿತು.

ಸಿಟ್ಟಿಗೆ ಎರಡೂ ಫೋಟೋ ಪ್ರಿಂಟ್ ಹಾಕಿಸಿ ಸ್ಕೇಲ್ ಇಟ್ಟೆ. ನನ್ನ ಎರಡು ಕಣ್ಣುಪಾಪೆಗಳ ನಡುವೆ 64 ಮಿಲಿಮೀಟರ್ ಅಂತ ಕನ್ನಡಕದ ಅಂಗಡಿಯವರು ಬರೆದುಕೊಟ್ಟಿದ್ದರು. ಪ್ರಿಂಟ್‌ನಲ್ಲಿ ಅದು 32. ಅಂದರೆ ಪ್ರಿಂಟ್‌ನಲ್ಲಿ ಒಂದು ಮಿಲಿಮೀಟರ್ ಇದ್ದರೆ ಮುಖದ ಮೇಲೆ ಎರಡು. ಹುಬ್ಬಿನಿಂದ ಕೂದಲಿನವರೆಗೆ ಅಸಲಿ ಫೋಟೋದಲ್ಲಿ 42, ಆ್ಯಪ್ ಕೊಟ್ಟದ್ದರಲ್ಲಿ 27. ಹದಿನೈದರ ವ್ಯತ್ಯಾಸ, ಮುಖದ ಮೇಲೆ ಮೂರು ಸೆಂಟಿಮೀಟರ್! ಹಣೆ ಹಿಂದಕ್ಕೆ ಬಾಗಿರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ.

ಇನ್ನೊಂದನ್ನೂ ಆಗಲೇ ಗಮನಿಸಿದ್ದು. ಎಡಗೆನ್ನೆಯ ಮಚ್ಚೆ ಮಾಯ. ದವಡೆ ಸಣ್ಣಗಾಗಿದೆ. ಆ್ಯಪ್ ಕೂದಲನ್ನು ಮಾತ್ರ ಸೇರಿಸಿರಲಿಲ್ಲ, ಮುಖವನ್ನೇ ಹೊಸದಾಗಿ ಬರೆದಿತ್ತು. ನಾನು ಮೆಚ್ಚಿಕೊಂಡದ್ದು ಯಾರೋ ಬೇರೆಯವನ ಮುಖವನ್ನು, ಅಲ್ವಾ?

ನೀವು ಹೋಗುವುದಾದರೆ ಮೊದಲು ಕನ್ನಡಿ ಮುಂದೆ ಹುಬ್ಬು ಎತ್ತಿ. ಮೇಲಿನ ಗೆರೆಯಿಂದ ಒಂದು ಬೆರಳು ಮೇಲಕ್ಕೆ ಐಬ್ರೋ ಪೆನ್ಸಿಲ್‌ನಲ್ಲಿ ಗುರುತು ಹಾಕಿಸಿ, ಆಮೇಲೆ ಫೋಟೋ ತೆಗೆಸಿ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಎದುರಿನಿಂದ ಒಂದು, ಎರಡೂ ಓರೆಯಿಂದ ಒಂದೊಂದು. ನನಗೆ ಓರೆಯ ಫೋಟೋ ತೋರಿಸಲೇ ಇಲ್ಲ. ತೋರಿಸಿದ್ದರೆ ಕಿವಿಯ ಮುಂದೆ ಟೋಪಿ ಅಂಚಿನಂತೆ ನೆಟ್ಟಗೆ ನಿಂತ ಕೂದಲು ಅಲ್ಲೇ ಕಾಣುತ್ತಿತ್ತು. ಆ್ಯಪ್ ಕೊಟ್ಟ ಚಿತ್ರದಲ್ಲಿ ಕೂದಲು ಗುರುತಿಗಿಂತ ಕೆಳಗೆ ಇಳಿಯದೆ, ಮಚ್ಚೆ, ಕಿವಿ, ದವಡೆ ಇದ್ದ ಹಾಗೇ ಇದ್ದರೆ ಮಾತ್ರ ಆ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ದುಡ್ಡು ವಾಪಸ್ ಬರಲಿಲ್ಲ. ಮಂಡ್ಯದ ಛತ್ರದಲ್ಲಿ ನನ್ನ ಹಣೆಗೆ ಕುಂಕುಮ ಇಡಲು ಬಂದ ಅತ್ತೆ ಒಂದು ಕ್ಷಣ ತಡೆದು, "ಜಾಗ ಎಲ್ಲೋ ಮಗ?" ಅಂದರು.