ಅಗ್ರೋವಾಕ್: ಆರು ವರ್ಷ ಬಳಸಿದ ಮೇಲೆ

ಅರಬಿಯಲ್ಲಿ ಬಂದ ಕೃಷಿ ಪ್ರಬಂಧಗಳ ಸಾರಾಂಶವನ್ನು ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಹೆಚ್ಚಿನವು ಇರಾಕಿನ ಖರ್ಜೂರ ತೋಟಗಳ ಬಗ್ಗೆ ಇರುತ್ತವೆ. ಆರು ವರ್ಷದಿಂದ ಇದಕ್ಕೆ ಅಗ್ರೋವಾಕ್ ಬಳಸುತ್ತಿದ್ದೇನೆ. ಇದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪದಕೋಶ. ವೆಬ್‌ನಲ್ಲಿ ಉಚಿತವಾಗಿ ಸಿಗುತ್ತದೆ, 40ಕ್ಕೂ ಹೆಚ್ಚು ಭಾಷೆಗಳಿವೆ, ಅರಬಿಯೂ ಇದೆ.

ಮಾಮೂಲಿ ನಿಘಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು: ನಿಘಂಟು ಒಂದು ಪದಕ್ಕೆ ಹತ್ತು ಅರ್ಥ ಕೊಡುತ್ತದೆ. ಅಗ್ರೋವಾಕ್‌ನಲ್ಲಿ ಪ್ರತಿ ಪರಿಕಲ್ಪನೆಗೂ ಒಂದು ಪುಟ. ಅದನ್ನು ಪ್ರತಿ ಭಾಷೆಯಲ್ಲಿ ಏನೆಂದು ಕರೆಯುತ್ತಾರೆ, ಅದು ಯಾವ ದೊಡ್ಡ ಗುಂಪಿಗೆ ಸೇರಿದೆ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಹಾಗಾಗಿ ಗಿಡ, ರೋಗ, ಕೀಟ, ಮಣ್ಣಿನ ಹೆಸರುಗಳಿಗೆ ನಾನು ಮೊದಲು ಹೋಗುವುದು ಅಲ್ಲಿಗೇ. ಅರಬಿ ಹೆಸರು ಸಿಗದಿದ್ದರೆ ಗಿಡದ ಲ್ಯಾಟಿನ್ ಹೆಸರಿನಿಂದ ಹುಡುಕುತ್ತೇನೆ.

ಇದು ಯಾಕೆ ಮುಖ್ಯ ಅಂತ ಒಂದು ಪದದಿಂದ ಹೇಳುತ್ತೇನೆ. ಖರ್ಜೂರದ ಪ್ರಬಂಧಗಳಲ್ಲಿ 'ಫಸೀಲ' ಎಂಬ ಪದ ಪದೇ ಪದೇ ಬರುತ್ತದೆ. ಸುಮ್ನೆ 'ಸೀಡ್ಲಿಂಗ್' ಅಂತ ಬರೆದರೆ ಸಾರಾಂಶವೇ ಸುಳ್ಳಾಗುತ್ತದೆ. ಫಸೀಲ ಅಂದರೆ ತಾಯಿ ಮರದ ಬುಡದಲ್ಲಿ ಹುಟ್ಟುವ ಮರಿ, ನಮ್ಮ ಬಾಳೆ ಕಂದಿನ ಹಾಗೆ. ಅದು ತಾಯಿಯ ತದ್ರೂಪು. ಬೀಜದಿಂದ ಬಂದ ಸಸಿ ಹಾಗಲ್ಲ: ತಾಯಿಯ ತಳಿ ಉಳಿಯುವುದಿಲ್ಲ, ಹೆಚ್ಚು ಕಡಿಮೆ ಅರ್ಧ ಗಿಡಗಳು ಗಂಡಾಗುತ್ತವೆ. 'ಬರ್ಹಿ ತಳಿಯ ಸೀಡ್ಲಿಂಗ್' ಎಂದು ಓದಿದ ಖರ್ಜೂರ ತಜ್ಞರಿಗೆ ಅಲ್ಲೇ ಅನುಮಾನ ಬರುತ್ತದೆ. ಸರಿಯಾದ ಪದ 'ಆಫ್‌ಶೂಟ್'.

ಅಗ್ರೋವಾಕ್‌ನ ಸಹಾಯ ಹೆಸರುಗಳಿಗೆ ಮಾತ್ರ. ವಾಕ್ಯಕ್ಕೆ ಬಂದರೆ ಕೆಲಸ ನಮ್ಮದೇ. ಸಾರಾಂಶ ಸಾಮಾನ್ಯವಾಗಿ ಶುರುವಾಗುವ ಒಂದು ಕ್ರಿಯಾಪದವನ್ನೇ ನೋಡಿ. ಅರಬಿಯಲ್ಲಿ ಸಾಮಾನ್ಯವಾಗಿ ಸ್ವರ ಚಿಹ್ನೆ ಹಾಕುವುದಿಲ್ಲ, ಆದ್ದರಿಂದ ಒಂದೇ ಅಕ್ಷರಗಳನ್ನು 'ಅಜ್ರೈತು' ಎಂದೂ ಓದಬಹುದು, 'ಉಜ್ರಿಯತ್' ಎಂದೂ ಓದಬಹುದು. ಮೊದಲನೆಯದು 'ನಾನು ನಡೆಸಿದೆ', ಎರಡನೆಯದು 'ನಡೆಸಲಾಯಿತು'. ನಾನು ಮುಂದಿನ ನಾಮಪದ ನೋಡುತ್ತೇನೆ. 'ಪ್ರಯೋಗ' ಎಂಬ ಸ್ತ್ರೀಲಿಂಗ ಪದ ಬಂದು, ಎಲ್ಲಿ, ಯಾವಾಗ ಅಂತ ಮುಂದುವರಿದರೆ ಅದು ಬಹುಮಟ್ಟಿಗೆ ಕರ್ಮಣಿಯೇ. ಇಡೀ ಸಾರಾಂಶದಲ್ಲಿ 'ನಾನು' ಎಂಬುದು ಬೇರೆಲ್ಲೂ ಇಲ್ಲದಿದ್ದರೆ ಇನ್ನೂ ಖಾತ್ರಿ.

'ತಮ್ಮ ಕಿಯಾಸ್' ಎಂಬ ರಚನೆ ಇನ್ನೂ ಜಾಸ್ತಿ ಬರುತ್ತದೆ. ಪದಕ್ಕೆ ಪದ ಇಟ್ಟರೆ 'ಅಳತೆ ಪೂರ್ಣಗೊಂಡಿತು'. ಅರ್ಥ ಬರೀ 'ಅಳೆಯಲಾಯಿತು'. ಹೀಗೆ ಐದಾರು ವಾಕ್ಯ ಸಾಲಾಗಿ ಬಂದರೆ ನಾನು ಅಳತೆಗಳನ್ನೆಲ್ಲ ಒಂದೇ ಕರ್ಮಣಿ ವಾಕ್ಯದಲ್ಲಿ ಸೇರಿಸುತ್ತೇನೆ: ಎಲೆಗಳ ಸಂಖ್ಯೆ, ಉದ್ದ, ಹಸಿರು ವರ್ಣದ ಪ್ರಮಾಣ, ಎಲ್ಲಕ್ಕೂ ಒಂದೇ ಕ್ರಿಯಾಪದ. ಆದರೆ ಫಲಿತಾಂಶ ಹೇಳುವಲ್ಲಿ ಕರ್ಮಣಿ ಬಿಟ್ಟು, ಉಪ್ಪು ನೀರು ಬೆಳವಣಿಗೆಯನ್ನು ತಗ್ಗಿಸಿತು ಎಂದು ನೇರವಾಗಿ ಬರೆಯುತ್ತೇನೆ.

ಅಲ್ಲಿ ಇನ್ನೊಂದು ಪದ ಕಾದಿರುತ್ತದೆ: 'ಮಅ್‌ನವಿ'. ಸಾಮಾನ್ಯ ಅರ್ಥ ನೈತಿಕ, ಮಾನಸಿಕ. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಅದು 'ಸಿಗ್ನಿಫಿಕೆಂಟ್'. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನು 'ನೈತಿಕ ವ್ಯತ್ಯಾಸಗಳು' ಎಂದು ಬರೆದು ಕಳಿಸಿಬಿಟ್ಟಿದ್ದೆ. ಅಂಥ ಪದಗಳಿಗೆ ಈಗ ನನ್ನದೇ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಕೃಷಿ ಪದಕೋಶದಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಅಳತೆಗೂ ಹಾಗೆಯೇ. 'ದೂನಮ್' ಇರಾಕಿನಲ್ಲಿ 2,500 ಚದರ ಮೀಟರ್, ಜೋರ್ಡಾನಿನಲ್ಲಿ 1,000. ದೂನಮ್‌ಗೆ 100 ಕಿಲೋ ಗೊಬ್ಬರ ಅಂದರೆ ಇರಾಕಿನಲ್ಲಿ ಹೆಕ್ಟೇರಿಗೆ 400 ಕಿಲೋ, ಜೋರ್ಡಾನಿನಲ್ಲಿ 1,000 ಕಿಲೋ. ನಾನು ಮೂಲದ ಅಳತೆಯನ್ನೇ ಉಳಿಸಿ, ಪಕ್ಕದಲ್ಲಿ ಹೆಕ್ಟೇರಿನ ಲೆಕ್ಕ ಕೊಡುತ್ತೇನೆ. ಯಾವ ದೇಶದ ತೋಟ ಎಂದು ಮೊದಲು ಖಚಿತ ಮಾಡಿಕೊಳ್ಳುತ್ತೇನೆ.

ಉಲ್ಲೇಖಗಳು ನನಗೆ ಅತಿ ಹೆಚ್ಚು ಸಮಯ ತಿನ್ನುತ್ತವೆ. 'ವ ಆಖರೂನ್' ಅಂದರೆ 'ಮತ್ತು ಇತರರು', ಅದು ಸುಲಭ. ಹೆಸರುಗಳು ಸುಲಭವಲ್ಲ. ಉಪ್ಪಿನ ಬಗ್ಗೆ ಬರೆಯುವವರು ಉಲ್ಲೇಖಿಸುವ 1977ರ ಒಂದು ಲೇಖನವಿದೆ, ಬೆಳೆಗಳು ಎಷ್ಟು ಉಪ್ಪು ತಾಳುತ್ತವೆ ಎಂಬುದರ ಮೇಲೆ. ಅರಬಿಯಲ್ಲಿ ಅದರ ಲೇಖಕರು 'ಮಾಸ್' ಮತ್ತು 'ಹೂಫ್‌ಮಾನ್' ಆಗಿರುತ್ತಾರೆ. ಅರಬಿಯಿಂದ ವಾಪಸ್ ತಿರುಗಿಸಿದರೆ Mas ಮತ್ತು Hufman ಆಗಿಬಿಡಬಹುದು. ನಿಜವಾದ ಹೆಸರು Maas ಮತ್ತು Hoffman. ತಪ್ಪು ಬರೆದರೆ ಓದುಗರು ಆ ಲೇಖನವನ್ನು ಹುಡುಕಲಾರರು. ಅರಬ್ ಲೇಖಕರಾದರೆ ಉಚ್ಚಾರ ನೋಡಿ ನಾನೇ ಕಾಗುಣಿತ ಕಟ್ಟುವುದಿಲ್ಲ. ಅವರ ಬೇರೆ ಪ್ರಬಂಧದ ಇಂಗ್ಲಿಷ್ ಸಾರಾಂಶ ತೆರೆದು, ಅವರು ತಮ್ಮ ಹೆಸರನ್ನು ಹೇಗೆ ಬರೆದಿದ್ದಾರೋ ಹಾಗೇ ಬರೆಯುತ್ತೇನೆ. ಎರಡು ಕಡೆ ಎರಡು ರೀತಿ ಇದ್ದರೆ, ಉಲ್ಲೇಖಿಸಿದ ಪ್ರಬಂಧದಲ್ಲಿ ಅಚ್ಚಾಗಿರುವುದೇ ಕೊನೆಯ ಮಾತು.