ಗಿಫ್ಟ್ ವೋಚರ್ ನಂಬಿ ರೆಸಾರ್ಟ್ ಬುಕ್ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ಯಾರೋ ಪ್ರೀತಿಯಿಂದ ಕೊಟ್ಟ ಗಿಫ್ಟ್ ವೋಚರ್ ನಿಮ್ಮ ಹತ್ತಿರ ಇದೆ. ರೂಮಿನ ಬಾಡಿಗೆ ಅದಕ್ಕಿಂತ ಜಾಸ್ತಿ. ಉಳಿದದ್ದಕ್ಕೆ ಮಾತ್ರ ತೆರಿಗೆ ಬೀಳುತ್ತದೆ ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ ದಯವಿಟ್ಟು ನಂಬಬೇಡಿ. ತೆರಿಗೆ ಪೂರ್ತಿ ಬಾಡಿಗೆಯ ಮೇಲೆ ಬೀಳುತ್ತದೆ. ತೆರಿಗೆ ಸೇರಿಸಿದ ಮೇಲೆ ಬಂದ ಮೊತ್ತದಲ್ಲಿ ವೋಚರಿನ ಹಣ ಕಳೆಯುತ್ತಾರೆ. ಈ ಲೆಕ್ಕವನ್ನು ತಪ್ಪಾಗಿ ಹೇಳಿದ್ದರಿಂದ ನಮ್ಮ ಅಪ್ಪ ಅಮ್ಮ ಕೌಂಟರಿನಲ್ಲಿ 2,580 ರೂಪಾಯಿ ಹೆಚ್ಚಿಗೆ ಕೊಡಬೇಕಾಯಿತು.

ನಡೆದದ್ದು ಚಿಕ್ಕಮಗಳೂರಿನ ಕಡೆಯ ಒಂದು ರೆಸಾರ್ಟಿನಲ್ಲಿ. ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆ ತಂಗಿ ಆ ಹೋಟೆಲ್ ಗುಂಪಿನ 12,000 ರೂಪಾಯಿಯ ವೋಚರ್ ಕಳಿಸಿದ್ದಳು. ಊರಲ್ಲೇ ಇರುವ ಅವರದೇ ರೆಸ್ಟೋರೆಂಟಿನಲ್ಲಿ ಒಂದು ಸಲ ಊಟ ಮಾಡಿ, ವೋಚರಿನಲ್ಲಿ 10,000 ಉಳಿದಿತ್ತು. ರೆಸಾರ್ಟಿನ ರೂಮಿಗೆ ದಿನಕ್ಕೆ 8,000, ತೆರಿಗೆ ಬೇರೆ. ಎರಡು ರಾತ್ರಿಗೆ 16,000.

ಬುಕಿಂಗ್ ವಿಭಾಗಕ್ಕೆ ಫೋನ್ ಮಾಡಿ ಕೇಳಿದವಳು ನಾನೇ. ಅಲ್ಲಿದ್ದ ಹುಡುಗ ತುಂಬ ವಿನಯದಿಂದ ಲೆಕ್ಕ ಹೇಳಿದ. "ಹದಿನಾರು ಸಾವಿರದಲ್ಲಿ ವೋಚರಿನ ಹತ್ತು ಸಾವಿರ ಹೋಗುತ್ತೆ ಮೇಡಂ. ಉಳಿದದ್ದು ಆರು ಸಾವಿರ, ಅಂದರೆ ದಿನಕ್ಕೆ ಮೂರು ಸಾವಿರ. ಏಳೂವರೆ ಸಾವಿರದ ಒಳಗಿರೋದ್ರಿಂದ ಐದು ಪರ್ಸೆಂಟ್ ಜಿಎಸ್‌ಟಿ. ಒಟ್ಟು 6,300 ಕೊಟ್ಟರೆ ಆಯ್ತು." ಇದನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಎಂದೆ. ಕಳಿಸಿದ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ.

ಹೊರಡುವ ದಿನ ಬೆಳಿಗ್ಗೆ ಅಪ್ಪ ಕೌಂಟರಿನಿಂದ ಫೋನ್ ಮಾಡಿದರು. "ಇವರು 8,880 ಅಂತಿದಾರೆ ಕಣಮ್ಮ. ನೀನು 6,300 ಅಂದಿದ್ದೆ ಅಲ್ವಾ?" ಹಿಂದೆ ಟ್ಯಾಕ್ಸಿಯವನು ಕಾಯುತ್ತಿದ್ದ. ಅಮ್ಮನಿಗೆ ನಾಲ್ಕು ಜನರ ಮುಂದೆ ದುಡ್ಡಿನ ಮಾತು ಬಂದರೆ ಮುಜುಗರ. ಅಪ್ಪ ಕೊಟ್ಟು ಬಂದುಬಿಟ್ಟರು. ಖುಷಿಗೆಂದು ಕಳಿಸಿದ ಉಡುಗೊರೆ ಹೀಗೆ ಕೊನೆಯಾದದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಆಮೇಲೆ ಬಿಲ್ ತರಿಸಿಕೊಂಡು ನೋಡಿದೆ. ತೆರಿಗೆ ಕೆಲಸ ಗೊತ್ತಿರುವ ಸಂಬಂಧಿಕರೊಬ್ಬರ ಜೊತೆ ಕೂತು ಪ್ರತಿ ಸಾಲನ್ನೂ ಓದಿದೆ. ಬಿಲ್ಲಿನಲ್ಲಿದ್ದ ತೆರಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಬುಕಿಂಗಿನವನು ಬರೆದುಕೊಟ್ಟ ಲೆಕ್ಕ. ಅದು ಯಾಕೆ ತಪ್ಪು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೇಳುವಾಗ ಅವನ ಮಾತು ಎಲ್ಲರಿಗೂ ಸರಿ ಅನಿಸುತ್ತದೆ.

ವೋಚರ್ ಅಂದರೆ ಮೊದಲೇ ಕೊಟ್ಟಿಟ್ಟ ಹಣ. ತಂಗಿ ಅದಕ್ಕೆ ದುಡ್ಡು ಕೊಟ್ಟಿದ್ದಾಳೆ, ಆ ದುಡ್ಡು ಹೋಟೆಲಿನವರ ಕೈ ಸೇರಿದೆ. ಹಾಗಾಗಿ ಎರಡು ರಾತ್ರಿಯ ವಾಸಕ್ಕೆ ರೆಸಾರ್ಟಿಗೆ ಸಿಕ್ಕಿದ್ದು ಪೂರ್ತಿ 16,000: ವೋಚರಿನಿಂದ 10,000, ಅಪ್ಪನಿಂದ 6,000. ಜಿಎಸ್‌ಟಿ ಲೆಕ್ಕ ಹಾಕುವುದು ಒಟ್ಟು ಸಿಕ್ಕಿದ ಬೆಲೆಯ ಮೇಲೆ. ಅದರಲ್ಲಿ ಎಷ್ಟು ನೋಟು, ಎಷ್ಟು ಕಾರ್ಡು, ಎಷ್ಟು ವೋಚರು ಅನ್ನುವುದು ತೆರಿಗೆಗೆ ಮುಖ್ಯವಲ್ಲ. ಜಿಎಸ್‌ಟಿ ಕಾಯ್ದೆಯೇ ವೋಚರನ್ನು ಬೆಲೆಯಾಗಿ ಅಥವಾ ಬೆಲೆಯ ಒಂದು ಭಾಗವಾಗಿ ಸ್ವೀಕರಿಸಬೇಕಾದ ಸಾಧನ ಎಂದು ಹೇಳುತ್ತದೆ. ಲೆಕ್ಕ ಹೀಗೆ:

```
ಕೊಡಬೇಕಾದ ಹಣ = ಪೂರ್ತಿ ಬೆಲೆ + ಅದರ ಮೇಲಿನ ತೆರಿಗೆ − ವೋಚರಿನ ಬಾಕಿ
16,000 + 2,880 − 10,000 = 8,880
```

ಹಾಗಾದರೆ ವೋಚರ್ ಕೊಳ್ಳುವಾಗಲೇ ತೆರಿಗೆ ಕಟ್ಟಿರುವುದಿಲ್ಲವಾ, ಮತ್ತೆ ಯಾಕೆ ಎಂದು ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ವೋಚರ್ ಮಾರಾಟಕ್ಕೇ ತೆರಿಗೆ ಇದೆಯೋ ಇಲ್ಲವೋ ಎಂಬ ಬಗ್ಗೆ ವರ್ಷಗಟ್ಟಲೆ ಜಗಳವಿತ್ತು. 2023ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವೋಚರ್ ಅನ್ನುವುದು ಸರಕೂ ಅಲ್ಲ, ಸೇವೆಯೂ ಅಲ್ಲ, ಅದರಿಂದ ಪಡೆಯುವ ವಸ್ತು ಅಥವಾ ಸೇವೆಗೆ ತೆರಿಗೆ ಎಂದು ಹೇಳಿತು. 2024ರ ಡಿಸೆಂಬರ್ 31ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೂ ಸುತ್ತೋಲೆ ಹೊರಡಿಸಿ, ವೋಚರಿನ ವ್ಯವಹಾರವನ್ನು ಸರಕು ಸೇವೆಗಳ ಪೂರೈಕೆ ಎಂದು ಎಣಿಸುವುದಿಲ್ಲ ಎಂದಿತು. ತಂಗಿಯ ರಸೀದಿ ತೆಗೆದು ನೋಡಿದೆವು. ಬರೀ 12,000 ಇತ್ತು, ತೆರಿಗೆಯ ಸಾಲೇ ಇರಲಿಲ್ಲ. ನಿಮ್ಮ ರಸೀದಿಯಲ್ಲಿ ವೋಚರಿನ ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದನ್ನು ಇಟ್ಟುಕೊಂಡು ಖಂಡಿತ ಪ್ರಶ್ನೆ ಮಾಡಿ. ಅಲ್ಲೂ ತೆಗೆದುಕೊಂಡು ಇಲ್ಲೂ ತೆಗೆದುಕೊಂಡರೆ ಒಂದೇ ಹಣಕ್ಕೆ ಎರಡು ಸಲ ತೆರಿಗೆ ಆಗುತ್ತದೆ.

ಇನ್ನು ನಮ್ಮನ್ನು ನಿಜವಾಗಿ ಹೊಡೆದದ್ದು ತೆರಿಗೆಯ ದರ. ಹೋಟೆಲ್ ರೂಮುಗಳಿಗೆ 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗೆ ಶೇ. 5, ಅದಕ್ಕಿಂತ ಒಂದು ರೂಪಾಯಿ ಜಾಸ್ತಿಯಾದರೂ ಪೂರ್ತಿ ಬಾಡಿಗೆಗೆ ಶೇ. 18. ಈ 7,500 ಅನ್ನುವುದು ರೂಮಿಗೆ ಒಂದು ದಿನಕ್ಕೆ ತೆಗೆದುಕೊಳ್ಳುವ ಪೂರ್ತಿ ಬೆಲೆ. ನಿಮ್ಮ ಕೈಯಿಂದ ಹೋಗುವ ಬಾಕಿ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬುಕಿಂಗಿನ ಹುಡುಗ ವೋಚರ್ ಕಳೆದು, ಉಳಿದದ್ದನ್ನು ಎರಡು ದಿನಕ್ಕೆ ಹಂಚಿ, ಮೂರು ಸಾವಿರಕ್ಕೆ ದರ ಹುಡುಕಿದ್ದ. ನೋಡಬೇಕಾಗಿದ್ದದ್ದು 8,000ಕ್ಕೆ. ನಮ್ಮ 2,580ರಲ್ಲಿ 500 ಮಾತ್ರ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕಿದ್ದರಿಂದ ಬಂದದ್ದು. ಉಳಿದ 2,080 ದರ 5ರಿಂದ 18ಕ್ಕೆ ಹಾರಿದ್ದರಿಂದ ಬಂತು.

ಇಲ್ಲಿಯೇ ಡಿಸ್ಕೌಂಟಿಗೂ ವೋಚರಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ರೆಸಾರ್ಟಿನವರು ಬಿಲ್ ಮಾಡುವಾಗ ದಿನಕ್ಕೆ ಬರೀ 500 ರೂಪಾಯಿ ರಿಯಾಯಿತಿ ಕೊಟ್ಟು, ಅದನ್ನು ಬಿಲ್ಲಿನಲ್ಲೇ ತೋರಿಸಿದ್ದರೆ ಬಾಡಿಗೆಯೇ 7,500 ಆಗುತ್ತಿತ್ತು. ಎರಡು ದಿನಕ್ಕೆ 15,000, ಶೇ. 5ರಂತೆ ತೆರಿಗೆ 750, ಒಟ್ಟು 15,750. ವೋಚರ್ ಕಳೆದರೆ ಅಪ್ಪ ಕೊಡಬೇಕಾಗಿದ್ದದ್ದು 5,750. ಅಂದರೆ ಸಾವಿರ ರೂಪಾಯಿಯ ರಿಯಾಯಿತಿಯಿಂದ ಬಿಲ್ಲಿನಲ್ಲಿ 3,130 ಇಳಿಯುತ್ತಿತ್ತು. ಹತ್ತು ಸಾವಿರದ ವೋಚರಿಗೆ ಮಾತ್ರ ತೆರಿಗೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಲು ಆಗುವುದಿಲ್ಲ. ಡಿಸ್ಕೌಂಟ್ ಅಂದರೆ ಅಂಗಡಿಯವರು ತಮಗೆ ಬರುವ ಹಣವನ್ನೇ ಬಿಟ್ಟುಕೊಡುವುದು. ವೋಚರಿನಲ್ಲಿ ಅವರು ಏನನ್ನೂ ಬಿಟ್ಟುಕೊಟ್ಟಿಲ್ಲ.

ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಗೊತ್ತಾಗಲು ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದಕ್ಕೆ ಯಾರಾದರೂ ದುಡ್ಡು ಕೊಟ್ಟಿದ್ದಾರಾ? ಕೊಟ್ಟಿದ್ದರೆ ವೋಚರ್. ಹೋಟೆಲಿನವರೇ ಸುಮ್ನೆ ಹಂಚಿದ "500 ಕಡಿತ" ಕೂಪನ್ ಆದರೆ ಅದು ಡಿಸ್ಕೌಂಟ್, ಬಿಲ್ಲಿನಲ್ಲಿ ತೋರಿಸಿದರೆ ತೆರಿಗೆಗೆ ಮುಂಚೆಯೇ ಕಳೆಯುತ್ತದೆ. ಬಿಲ್ಲಿನಲ್ಲೂ ಇದು ಕಾಣುತ್ತದೆ. ತೆರಿಗೆಯ ಸಾಲುಗಳು ಬರುವ ಮುಂಚೆಯೇ ಕಳೆದಿದ್ದರೆ ರಿಯಾಯಿತಿ. ತೆರಿಗೆಯೆಲ್ಲ ಸೇರಿಸಿ ಒಟ್ಟು ಬರೆದ ಮೇಲೆ ಕೆಳಗೆ ಕಳೆದಿದ್ದರೆ ಪಾವತಿ. ನಮ್ಮ ಬಿಲ್ಲಿನಲ್ಲಿ ತೆರಿಗೆ ಬೀಳುವ ಮೌಲ್ಯ 16,000, ಸಿಜಿಎಸ್‌ಟಿ 1,440, ಎಸ್‌ಜಿಎಸ್‌ಟಿ 1,440, ಒಟ್ಟು 18,880 ಎಂದಿತ್ತು. ವೋಚರ್ ಅದರ ಕೆಳಗಿತ್ತು.

ಇದನ್ನು ಓದಿ ಎಲ್ಲ ಕಡೆಯೂ ತೆರಿಗೆ ಸೇರಿಸಿ ಕೊಡಬೇಡಿ. ಎಂಆರ್‌ಪಿ ಅಚ್ಚಾಗಿರುವ ಪ್ಯಾಕೆಟ್ ವಸ್ತುಗಳಲ್ಲಿ ಎಲ್ಲ ತೆರಿಗೆ ಆಗಲೇ ಸೇರಿದೆ. 4,500 ಎಂಆರ್‌ಪಿಯ ಮಿಕ್ಸಿಗೆ 3,000ದ ವೋಚರ್ ಕೊಟ್ಟರೆ ನೀವು ಕೊಡಬೇಕಾದ್ದು 1,500, ಅಷ್ಟೇ. ಅದರ ಮೇಲೆ ತೆರಿಗೆ ಕೇಳಿದರೆ ಎಂಆರ್‌ಪಿಗಿಂತ ಜಾಸ್ತಿ ವಸೂಲಿ ಮಾಡಿದ ಹಾಗೆ, ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ಪೂರ್ತಿ ಬೆಲೆಯ ಮೇಲೆ ತೆರಿಗೆ ಸೇರಿಸುವ ಪ್ರಶ್ನೆ ಬರುವುದು ಬೆಲೆಯ ಪಕ್ಕ "ತೆರಿಗೆ ಪ್ರತ್ಯೇಕ" ಎಂದಿರುವ ಕಡೆ: ರೂಮು, ರೆಸ್ಟೋರೆಂಟ್, ಚಿನ್ನದ ಅಂಗಡಿ, ಬ್ಯೂಟಿ ಪಾರ್ಲರ್, ಇಂಥವು.

ಮ್ಯಾನೇಜರಿಗೆ ಫೋನ್ ಮಾಡಿದಾಗ ಅವರು "ತೆರಿಗೆ ಸರ್ಕಾರಕ್ಕೆ ಹೋಗುತ್ತೆ ಮೇಡಂ, ನಾವೇನು ಮಾಡೋಕಾಗುತ್ತೆ" ಎಂದರು. ತೆರಿಗೆಯ ಮಟ್ಟಿಗೆ ಅದು ನಿಜ. ಆದರೆ 6,300 ಎಂದು ಬರೆದುಕೊಟ್ಟು, ಅದನ್ನು ನಂಬಿ ಬಂದ ವಯಸ್ಸಾದವರಿಂದ 8,880 ತೆಗೆದುಕೊಂಡದ್ದು ಅವರೇ. ಬಿಲ್ ಮಾಡುವ ಮುಂಚೆ ತಮ್ಮ ಬಾಡಿಗೆಯನ್ನು ಇಳಿಸುವುದು ಪೂರ್ತಿ ಅವರ ಕೈಯಲ್ಲಿತ್ತು. ಕೊನೆಗೆ ಸಾವಿರ ರೂಪಾಯಿಯ ಇನ್ನೊಂದು ವೋಚರ್ ಕೊಡುತ್ತೇವೆ ಎಂದರು. ಬೇಡ ಎಂದೆವು. ವಾಟ್ಸಾಪ್ ಮೆಸೇಜ್ ಮತ್ತು ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ಇತ್ಯರ್ಥ ಇನ್ನೂ ಆಗಿಲ್ಲ. ಕೇಳಿರುವುದು ತೆರಿಗೆ ವಾಪಸ್ ಅಲ್ಲ, ಅವರು ಒಪ್ಪಿದ ಮೊತ್ತಕ್ಕಿಂತ ಜಾಸ್ತಿ ತೆಗೆದುಕೊಂಡ ಹಣ.

ನೀವು ಬುಕ್ ಮಾಡುವಾಗ ಫೋನಿನಲ್ಲಿ ಮಾತಾಡಿ ಬಿಡಬೇಡಿ, "ಬ್ಯಾಲೆನ್ಸ್ ಎಷ್ಟು" ಎಂದಷ್ಟೇ ಕೇಳಲೂ ಬೇಡಿ. ಬಾಡಿಗೆ 7,500ರ ಆಸುಪಾಸಿನಲ್ಲಿದ್ದರೆ ಅದರೊಳಗೆ ಇಳಿಸುತ್ತೀರಾ ಎಂದು ಮೊದಲು ಕೇಳಿ. ಶೇ. 5ರ ದರದಲ್ಲಿ ಹೋಟೆಲಿನವರು ತಮ್ಮ ಖರೀದಿಗಳ ಮೇಲೆ ಕಟ್ಟಿದ ಇನ್‌ಪುಟ್ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುವ ಹಾಗಿಲ್ಲ, ಹಾಗಾಗಿ ಎಲ್ಲರೂ ಒಪ್ಪುತ್ತಾರೆ ಎಂದು ಹೇಳಲಾರೆ. ಕೆಲವರು ಒಪ್ಪುತ್ತಾರೆ. ಆಮೇಲೆ ಈ ಮೆಸೇಜ್ ಕಳಿಸಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ: "ವೋಚರ್ ಕಳೆಯುವ ಮುಂಚೆ ರೂಮಿನ ದಿನದ ಬಾಡಿಗೆ ಎಷ್ಟು, ಅದಕ್ಕೆ ಜಿಎಸ್‌ಟಿ ದರ ಎಷ್ಟು, ತೆರಿಗೆ ಸೇರಿ ಒಟ್ಟು ಬಿಲ್ ಎಷ್ಟು, ಇವತ್ತಿಗೆ ನನ್ನ ವೋಚರಿನಲ್ಲಿ ಉಳಿದಿರುವುದು ಎಷ್ಟು, ಕೊನೆಗೆ ಕೌಂಟರಿನಲ್ಲಿ ನಾನು ಕೊಡಬೇಕಾದ್ದು ಎಷ್ಟು?"